ಧನ ಫಲನಕ್ಕೆ ಋಣ ಉತ್ತರ: −1 ರಿಂದ 1 ರವರೆಗೆ 1/x² ರ ಅನುಕಲನ, ತರಗತಿಯಲ್ಲಿ ಒಂದು ತಪ್ಪು ಮತ್ತು ಅದರ ತಿದ್ದುಪಡಿ

ಬೋಧನಾಭ್ಯಾಸದ ನಾಲ್ಕನೆಯ ವಾರ ನನಗೆ ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದಲ್ಲಿ ನಿಶ್ಚಿತ ಅನುಕಲನದ ಪಾಠ ಬಂದಿತ್ತು. ಪಾಠ ಯೋಜನೆಯ ಉದ್ದೇಶ ಸರಳವಾಗಿತ್ತು. ಕೊಟ್ಟ ಫಲನ f(x) ಗೆ ಆಂಟಿ-ಡೆರಿವೇಟಿವ್ F(x) ಕಂಡುಹಿಡಿಯುವುದು, ಮೇಲಿನ ಮಿತಿಯಲ್ಲಿ ಅದರ ಬೆಲೆಯಿಂದ ಕೆಳಗಿನ ಮಿತಿಯಲ್ಲಿನ ಬೆಲೆಯನ್ನು ಕಳೆಯುವುದು. ಅಂದರೆ F(b) − F(a). ಯೋಜನೆಯಲ್ಲಿದ್ದ ಲೆಕ್ಕಗಳೆಲ್ಲ ಮುಗಿದರೂ ಗಂಟೆ ಹೊಡೆಯಲು ಇನ್ನೂ ಎಂಟು ನಿಮಿಷ ಉಳಿದಿತ್ತು. ಕೊನೆಯ ಲೆಕ್ಕ ಹಲಗೆಯ ಮೇಲೆ ಹಾಗೆಯೇ ಇತ್ತು:

∫₁² (1/x²) dx = [−1/x]₁² = −1/2 + 1 = 1/2

ಋಣ ಚಿಹ್ನೆ ಬಂದಲ್ಲಿ ಹಲವರು ತಡವರಿಸುತ್ತಿದ್ದುದನ್ನು ಗಮನಿಸಿದ್ದೆ. ಅದಕ್ಕೂ ಅಭ್ಯಾಸವಾಗಲಿ ಎಂದು ಮಿತಿಗಳನ್ನು ಅಳಿಸಿ −1 ಮತ್ತು 1 ಎಂದು ಬರೆದೆ. ಇದು ಯೋಜನೆಯಲ್ಲಿ ಇರಲಿಲ್ಲ. ನಾನು ಮೊದಲೇ ಬಿಡಿಸಿ ನೋಡಿರಲೂ ಇಲ್ಲ. ಮಕ್ಕಳು ಬೇಗನೆ ಮಾಡಿದರು:

∫₋₁¹ (1/x²) dx = [−1/x]₋₁¹ = (−1) − (1) = −2

ನಾನು ಸರಿ ಗುರುತು ಹಾಕಿದೆ. ಎರಡನೆಯ ಬೆಂಚಿನ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದಳು: "ಮೇಡಂ, x² ಯಾವಾಗಲೂ ಪಾಸಿಟಿವ್ ಅಲ್ವಾ? ಗ್ರಾಫ್ ಪೂರ್ತಿ ಮೇಲೇ ಇರುತ್ತೆ. ಏರಿಯಾ ಮೈನಸ್ ಹೇಗೆ ಬಂತು?"

ನಾನು ಯೋಚಿಸದೆ ಉತ್ತರ ಕೊಟ್ಟೆ. "ಅನುಕಲನದಲ್ಲಿ ಋಣ ಬೆಲೆ ಬರಬಹುದಮ್ಮ. ವಿಸ್ತೀರ್ಣ ಬೇಕಾದರೆ ಮಾಡ್ಯುಲಸ್ ತಗೋಬೇಕು. ಆಗ 2 ಆಗುತ್ತೆ." ಅವಳು ಕೂರಲಿಲ್ಲ. "ಅದು ಗ್ರಾಫ್ ಕೆಳಗೆ ಹೋದಾಗ ಅಲ್ವಾ ಮೇಡಂ? ಇದು ಕೆಳಗೆ ಹೋಗೇ ಇಲ್ವಲ್ಲ." ಅಷ್ಟರಲ್ಲಿ ಗಂಟೆ ಹೊಡೆಯಿತು. ನನಗೆ ನಿರಾಳವಾಯಿತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಹಿಂದಿನ ಸಾಲಿನಲ್ಲಿ ಕುಳಿತಿದ್ದ ನನ್ನ ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಆ ಲೆಕ್ಕದ ಬಗ್ಗೆ ಒಂದೇ ಸಾಲು ಬರೆದಿದ್ದರು: "F(x) −1 ರಿಂದ 1 ರವರೆಗೆ ಯಾವ ದಾರಿಯಲ್ಲಿ ಬಂತು?" ಸಂಜೆ ಆ ಪ್ರಶ್ನೆಯನ್ನು ಹಿಡಿದು ಕುಳಿತಾಗ ನಾನು ಎರಡು ತಪ್ಪು ಮಾಡಿದ್ದು ತಿಳಿಯಿತು. −2 ತಪ್ಪು. ಅದನ್ನು ಮುಚ್ಚಲು ಹೇಳಿದ 2 ಕೂಡ ತಪ್ಪು. ಈ ಲೇಖನ ಆ ಸಂಜೆಯ ಲೆಕ್ಕ ಮತ್ತು ಮರುದಿನದ ಪಾಠದ ವರದಿ.

ಮೊದಲು ಗಾತ್ರದ ಅಂದಾಜು

ಸೂತ್ರವನ್ನು ಬದಿಗಿಟ್ಟು ಗ್ರಾಫನ್ನು ಮಾತ್ರ ನೋಡೋಣ. −1 ಮತ್ತು 1 ರ ನಡುವೆ, ಸೊನ್ನೆಯನ್ನು ಬಿಟ್ಟು, x ನ ಯಾವ ಬೆಲೆ ತೆಗೆದುಕೊಂಡರೂ x² ಒಂದನ್ನು ಮೀರುವುದಿಲ್ಲ. ಹಾಗಾಗಿ 1/x² ಒಂದಕ್ಕಿಂತ ಕಡಿಮೆಯಾಗುವುದಿಲ್ಲ. ಆ ಭಾಗದಲ್ಲಿ ವಕ್ರರೇಖೆಯ ಕೆಳಗೆ 2 ಅಗಲ, 1 ಎತ್ತರದ ಒಂದು ಆಯತ ಪೂರ್ತಿಯಾಗಿ ಹಿಡಿಸುತ್ತದೆ. ಅದರ ವಿಸ್ತೀರ್ಣವೇ 2. ಎರಡು ತುದಿಗಳನ್ನು ಬಿಟ್ಟರೆ ರೇಖೆ ಆಯತಕ್ಕಿಂತ ಮೇಲೆಯೇ ಇದೆ. ಆದ್ದರಿಂದ ವಿಸ್ತೀರ್ಣ ಎಂಬುದೊಂದು ಇದ್ದರೆ ಅದು 2 ಕ್ಕಿಂತ ಹೆಚ್ಚಿರಲೇಬೇಕು. −2 ಅಷ್ಟೇ ಅಲ್ಲ, ನಾನು ಹೇಳಿದ 2 ಕೂಡ ಇಲ್ಲಿಯೇ ಬಿದ್ದುಹೋಯಿತು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. 0 ಮತ್ತು 0.1 ರ ನಡುವಿನ ಭಾಗವನ್ನು ಮಾತ್ರ ತೆಗೆದುಕೊಳ್ಳಿ. ಅಲ್ಲಿ 1/x² ಕನಿಷ್ಠ 100. ಅಗಲ 0.1, ಎತ್ತರ 100 ಇರುವ ಆಯತ ಅದರ ಕೆಳಗೆ ಹಿಡಿಸುತ್ತದೆ. ವಿಸ್ತೀರ್ಣ 10. ಭಾಗವನ್ನು 0 ಮತ್ತು 0.01 ರ ನಡುವಿಗೆ ಕಿರಿದು ಮಾಡಿದರೆ ಎತ್ತರ ಕನಿಷ್ಠ 10,000, ಆಯತದ ವಿಸ್ತೀರ್ಣ 100. ಇನ್ನೂ ಕಿರಿದು ಮಾಡಿ 0.001 ಕ್ಕೆ ತಂದರೆ 1000. ಪಟ್ಟಿ ಕಿರಿದಾದಷ್ಟೂ ಅದರಲ್ಲಿ ಹಿಡಿಸುವ ಆಯತದ ವಿಸ್ತೀರ್ಣ ಹೆಚ್ಚುತ್ತಲೇ ಹೋಗುತ್ತದೆ. ಒಂದು ನಿರ್ದಿಷ್ಟ ಸಂಖ್ಯೆ ಈ ವಿಸ್ತೀರ್ಣ ಆಗಲಾರದು ಎಂದು ತಿಳಿಯಲು ಅಗಲ ಮತ್ತು ಎತ್ತರದ ಗುಣಾಕಾರ ಸಾಕು. ಅನುಕಲನದ ಸೂತ್ರವೇ ಬೇಕಾಗಲಿಲ್ಲ.

ಆದರೆ ವಿದ್ಯಾರ್ಥಿಯ ಮನಸ್ಸಿನಲ್ಲಿ ಪ್ರಶ್ನೆ ಇನ್ನೂ ಉಳಿದಿರುತ್ತದೆ. ಲೆಕ್ಕದಲ್ಲಿ ಯಾವ ಸಾಲೂ ತಪ್ಪಿಲ್ಲ. −1/x ಅನ್ನು ಡಿಫರೆನ್ಷಿಯೇಟ್ ಮಾಡಿದರೆ 1/x² ಬರುತ್ತದೆ. ಕಳೆಯುವುದರಲ್ಲೂ ತಪ್ಪಿಲ್ಲ. ಹಾಗಿದ್ದರೆ ನಿಯಮ ಎಲ್ಲಿ ಮುರಿಯಿತು?

ನಿಯಮ ಯಾಕೆ ಕೆಲಸ ಮಾಡುತ್ತದೆ, ಇಲ್ಲಿ ಯಾಕೆ ಮಾಡಲಿಲ್ಲ

F(b) − F(a) ಎಂಬುದು ಎರಡು ತುದಿಗಳನ್ನು ಮಾತ್ರ ನೋಡುತ್ತದೆ. ನಡುವಿನದ್ದನ್ನೆಲ್ಲ ನೋಡದೆಯೇ ಸರಿ ಉತ್ತರ ಹೇಗೆ ಕೊಡುತ್ತದೆ? a ಯಿಂದ b ವರೆಗಿನ ದಾರಿಯನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ತುಂಡು ಮಾಡಿ. ಪ್ರತಿ ಹೆಜ್ಜೆಯಲ್ಲಿ F ಎಷ್ಟು ಏರಿತು ಎಂದು ಬರೆದುಕೊಂಡು ಎಲ್ಲವನ್ನೂ ಕೂಡಿದರೆ, ನಡುವಿನ ಬೆಲೆಗಳು ಒಂದನ್ನೊಂದು ಹೊಡೆದುಹಾಕಿ F(b) − F(a) ಮಾತ್ರ ಉಳಿಯುತ್ತದೆ. ಇನ್ನೊಂದು ಕಡೆ, ಮೀನ್ ವ್ಯಾಲ್ಯೂ ಥಿಯರಂ ಪ್ರಕಾರ ಪ್ರತಿ ಹೆಜ್ಜೆಯ ಏರಿಕೆಯೂ ಆ ಹೆಜ್ಜೆಯೊಳಗಿನ ಯಾವುದೋ ಒಂದು ಬಿಂದು c ಯಲ್ಲಿ f(c) ಎತ್ತರ ಮತ್ತು ಹೆಜ್ಜೆಯ ಅಗಲದ ಗುಣಲಬ್ಧಕ್ಕೆ ಸಮ. ಅಂದರೆ ಒಂದು ತೆಳು ಆಯತದ ವಿಸ್ತೀರ್ಣ. ಹೀಗೆ ಏರಿಕೆಗಳ ಮೊತ್ತವೇ ಆಯತಗಳ ಮೊತ್ತವಾಗುತ್ತದೆ.

ಈ ವಾದದಲ್ಲಿ ಒಂದು ಹೆಜ್ಜೆ ಕೆಟ್ಟರೂ ಒಟ್ಟು ಮೊತ್ತ ಕೆಡುತ್ತದೆ. ನಮ್ಮ ಲೆಕ್ಕದಲ್ಲಿ ಕೆಟ್ಟ ಹೆಜ್ಜೆ ಯಾವುದು ಎಂದು ಕಾಣಲು ದಾರಿಯನ್ನು ಮೂರೇ ತುಂಡು ಮಾಡಿದೆ: −1 ರಿಂದ −0.1, −0.1 ರಿಂದ 0.1, 0.1 ರಿಂದ 1. F(x) = −1/x ಆದ್ದರಿಂದ

F(−1) = 1, F(−0.1) = 10, F(0.1) = −10, F(1) = −1

ಮೊದಲ ತುಂಡಿನಲ್ಲಿ ಏರಿಕೆ 10 − 1 = 9. ಮೂರನೆಯದರಲ್ಲಿ −1 − (−10) = 9. ಇವೆರಡೂ ನಿಜವಾದ ವಿಸ್ತೀರ್ಣಗಳು. ಎರಡೂ ಧನ, ಗ್ರಾಫಿಗೆ ತಕ್ಕ ಹಾಗೆ. ಮಧ್ಯದ ತುಂಡಿನಲ್ಲಿ ಮಾತ್ರ −10 − 10 = −20. ಮೂರನ್ನೂ ಕೂಡಿ:

9 + (−20) + 9 = −2

ಇದೇ ನನ್ನ −2 ರ ಮೂಲ. ಮಧ್ಯದ ತುಂಡಿನ ಅಗಲ 0.2, ಅಲ್ಲಿ ಎತ್ತರ ಕನಿಷ್ಠ 100, ಹಾಗಾಗಿ ವಿಸ್ತೀರ್ಣ 20 ಕ್ಕಿಂತ ಕಡಿಮೆ ಇರಲು ಸಾಧ್ಯವಿಲ್ಲ. ನಿಯಮ ಅಲ್ಲಿ −20 ಎಂದು ಬರೆದುಕೊಂಡಿತು. f(c) × 0.2 = −20 ಆಗಬೇಕಾದರೆ f(c) = −100 ಆಗಬೇಕು. ಎಲ್ಲೂ ಋಣವಾಗದ ಫಲನಕ್ಕೆ ಅಂಥ c ಇಲ್ಲವೇ ಇಲ್ಲ. ಮೀನ್ ವ್ಯಾಲ್ಯೂ ಥಿಯರಂ ಬಳಸಲು F ಆ ಹೆಜ್ಜೆಯುದ್ದಕ್ಕೂ ಅವಿಚ್ಛಿನ್ನವಾಗಿರಬೇಕು, ಒಳಗೆಲ್ಲ ಡಿಫರೆನ್ಷಿಯೇಟ್ ಆಗಬೇಕು. −1/x ಗೆ ಸೊನ್ನೆಯಲ್ಲಿ ಬೆಲೆಯೇ ಇಲ್ಲ.

ಮಾರ್ಗದರ್ಶಕರ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. −1 ರಲ್ಲಿ F ನ ಬೆಲೆ 1. ಸೊನ್ನೆಯ ಕಡೆ ಬರುತ್ತಾ ಅದು 10, 100, 1000 ಎಂದು ಏರುತ್ತಲೇ ಹೋಗುತ್ತದೆ. ಸೊನ್ನೆಯ ಆಚೆ ಬದಿಯಲ್ಲಿ ಅದು −1000, −100, −10 ಎಂದು ಬಹಳ ಆಳದಿಂದ ಮತ್ತೆ ಏರಿ ಬಂದು −1 ರಲ್ಲಿ ನಿಲ್ಲುತ್ತದೆ. ಎರಡೂ ಬದಿಯಲ್ಲಿ F ಏರುತ್ತಲೇ ಇದೆ, ಆದರೂ ಕೊನೆಯ ಬೆಲೆ ಮೊದಲಿನದಕ್ಕಿಂತ ಕಡಿಮೆ. ನಡುವೆ ಎಲ್ಲೋ ಅದು ಮೇಲಿನಿಂದ ಕೆಳಕ್ಕೆ ಹಾರಿದೆ. ಎರಡು ತುದಿಗಳನ್ನು ಮಾತ್ರ ನೋಡುವ ನಿಯಮಕ್ಕೆ ಆ ಹಾರಿಕೆ ಕಾಣುವುದಿಲ್ಲ.

ತರಗತಿಯಲ್ಲಿ ಇದಕ್ಕೆ ಹಳೆಯ ಬೈಕಿನ ಮೀಟರನ್ನು ಉದಾಹರಣೆಯಾಗಿ ಕೊಟ್ಟೆ. ಐದು ಅಂಕಿಯ ಕಿಲೋಮೀಟರ್ ಮೀಟರ್ ಹೊರಡುವಾಗ 99,950 ತೋರಿಸುತ್ತಿತ್ತು, ಊರು ತಲುಪಿದಾಗ 00,030. ಕೊನೆಯದರಿಂದ ಮೊದಲಿನದನ್ನು ಕಳೆದರೆ −99,920 ಕಿಲೋಮೀಟರ್. ಬೈಕು ಹಿಂದಕ್ಕೆ ಓಡಲಿಲ್ಲ, ಮೀಟರ್ ಒಂದು ಸುತ್ತು ಮುಗಿಸಿ ಸೊನ್ನೆಗೆ ಬಂತು. ಓಡಿದ್ದು 80 ಕಿಲೋಮೀಟರ್. ಹೋಲಿಕೆ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಹೇಳಬೇಕು. ಮೀಟರು ಬಿದ್ದದ್ದು ಒಂದು ಲಕ್ಷದಷ್ಟು ಎಂದು ಗೊತ್ತಿರುವುದರಿಂದ ಅದನ್ನು ಕೂಡಿಸಿ ಸರಿ ಉತ್ತರ ಪಡೆಯಬಹುದು. −1/x ನ ಹಾರಿಕೆಗೆ ಅಂಥ ಅಳತೆ ಇಲ್ಲ. ಅದನ್ನು ಕೂಡಿಸಿ ಸರಿಪಡಿಸಲಾಗದು.

ಮರೆತುಹೋಗುವ ಆ C

ಇದೇ ಮಾತನ್ನು ಇನ್ನೊಂದು ರೀತಿಯಲ್ಲಿ ಹೇಳಬಹುದು. ಅನಿಶ್ಚಿತ ಅನುಕಲನದಲ್ಲಿ "+ C" ಬರೆಯಿರಿ ಎಂದು ನಾವು ಮಕ್ಕಳಿಗೆ ಒತ್ತಿ ಹೇಳುತ್ತೇವೆ. ನಿಶ್ಚಿತ ಅನುಕಲನಕ್ಕೆ ಬಂದಾಗ C ಹೊಡೆದುಹೋಗುತ್ತದೆ, ಬರೆಯಬೇಕಾಗಿಲ್ಲ ಎನ್ನುತ್ತೇವೆ. ಎರಡು ತುದಿಗಳಲ್ಲೂ C ಒಂದೇ ಆಗಿದ್ದರೆ ಮಾತ್ರ ಅದು ನಿಜ.

1/x² ನ ಗ್ರಾಫ್ ಸೊನ್ನೆಯಲ್ಲಿ ಎರಡು ತುಂಡಾಗಿದೆ. ಎಡ ತುಂಡಿಗೂ ಬಲ ತುಂಡಿಗೂ ಸಂಬಂಧವಿಲ್ಲ. ಹಾಗಾಗಿ x ಸೊನ್ನೆಗಿಂತ ಕಡಿಮೆ ಇರುವಾಗ F(x) = −1/x ಎಂದೂ, ಹೆಚ್ಚಿರುವಾಗ F(x) = −1/x + 7 ಎಂದೂ ಇಟ್ಟುಕೊಳ್ಳಬಹುದು. ಎರಡೂ ಕಡೆ ಡಿಫರೆನ್ಷಿಯೇಟ್ ಮಾಡಿದರೆ 1/x² ಬರುತ್ತದೆ. ಈಗ ನಿಯಮ ಹಾಕಿದರೆ F(1) − F(−1) = 6 − 1 = 5. ಏಳರ ಬದಲು 1000 ಇಟ್ಟರೆ 998. ಯಾವ ಉತ್ತರ ಬೇಕೋ ಅದನ್ನು ತರಬಹುದು. ಬೇಕಾದ ಉತ್ತರವನ್ನೆಲ್ಲ ಕೊಡುವ ಲೆಕ್ಕ ಯಾವ ಉತ್ತರವನ್ನೂ ಕೊಟ್ಟಂತಲ್ಲ. ಮರುದಿನದ ತರಗತಿಯಲ್ಲಿ ಮಕ್ಕಳನ್ನು ಹೆಚ್ಚು ತಟ್ಟಿದ್ದು ಈ ಭಾಗವೇ. ಒಬ್ಬ ಹುಡುಗ ತನ್ನ ರೋಲ್ ನಂಬರನ್ನೇ ಉತ್ತರವಾಗಿ ತಂದು ತೋರಿಸಿದ.

ಸರಿಯಾದ ಕ್ರಮ

ಕೆಟ್ಟ ಬಿಂದುವನ್ನು ಮೊದಲು ಹೊರಗಿಡಬೇಕು. ε ಎಂಬ ಚಿಕ್ಕ ಧನ ಸಂಖ್ಯೆ ತೆಗೆದುಕೊಂಡು −ε ಯಿಂದ ε ವರೆಗಿನ ತುಂಡನ್ನು ಕತ್ತರಿಸಿ ತೆಗೆಯೋಣ. ಉಳಿದ ಎರಡು ಭಾಗಗಳಲ್ಲಿ ಫಲನ ಅವಿಚ್ಛಿನ್ನ, ಹಾಗಾಗಿ ನಿಯಮ ಅಲ್ಲಿ ಸರಿಯಾಗಿ ನಡೆಯುತ್ತದೆ.

ಬಲಭಾಗ: [−1/x] ε ಯಿಂದ 1 ರವರೆಗೆ = 1/ε − 1
ಎಡಭಾಗ: [−1/x] −1 ರಿಂದ −ε ವರೆಗೆ = 1/ε − 1
ಒಟ್ಟು: 2/ε − 2

ε = 0.1 ಆದರೆ ಒಟ್ಟು 18. ಇದು ಮೇಲಿನ 9 + 9. ε = 0.01 ಆದರೆ 198. ε = 0.001 ಆದರೆ 1998. ε ಸೊನ್ನೆಯ ಹತ್ತಿರ ಹೋದಂತೆ ಒಟ್ಟು ಮೊತ್ತ ಮೇಲೆ ಹೋಗುತ್ತಲೇ ಇರುತ್ತದೆ, ಯಾವ ಸಂಖ್ಯೆಯ ಬಳಿಯೂ ನಿಲ್ಲುವುದಿಲ್ಲ. ಆದ್ದರಿಂದ ಈ ಅನುಕಲನಕ್ಕೆ ಸೀಮಿತವಾದ ಬೆಲೆ ಇಲ್ಲ.

2/ε − 2 ಎಂಬುದನ್ನು ಇನ್ನೊಮ್ಮೆ ನೋಡಿ. ತರಗತಿಯಲ್ಲಿ ನಾನು ಸರಿ ಗುರುತು ಹಾಕಿದ −2 ಅದರಲ್ಲಿಯೇ ಕುಳಿತಿದೆ. ಅನಂತಕ್ಕೆ ಹೋಗುವ 2/ε ಎಂಬ ಭಾಗವನ್ನು ಸದ್ದಿಲ್ಲದೆ ಬಿಟ್ಟು, ಉಳಿದ ಚೂರನ್ನು ಉತ್ತರ ಎಂದು ಕೊಟ್ಟಂತಾಗಿದೆ.

ಪಠ್ಯಪುಸ್ತಕ ಈ ವಿಷಯದಲ್ಲಿ ಸುಮ್ಮನಿಲ್ಲ. ದ್ವಿತೀಯ ಪಿಯುಸಿಯಲ್ಲಿ ಬಳಸುವ ಎನ್‌ಸಿಇಆರ್‌ಟಿ ಪುಸ್ತಕದ ಏಳನೆಯ ಅಧ್ಯಾಯದಲ್ಲಿ ಮೂಲ ಪ್ರಮೇಯವನ್ನು ಹೇಳುವಾಗಲೇ f ಎಂಬುದು [a, b] ಯಲ್ಲಿ ಅವಿಚ್ಛಿನ್ನವಾಗಿರಬೇಕು ಎಂಬ ಷರತ್ತಿದೆ. ಪ್ರಮೇಯದ ನಂತರದ ಟಿಪ್ಪಣಿಯಲ್ಲಿ ಒಂದು ಎಚ್ಚರಿಕೆಯೂ ಇದೆ: x√(x² − 1) ಅನ್ನು −2 ರಿಂದ 3 ರವರೆಗೆ ಅನುಕಲಿಸಲು ಹೊರಡುವುದು ತಪ್ಪು, ಏಕೆಂದರೆ −1 ಮತ್ತು 1 ರ ನಡುವೆ ಆ ಫಲನಕ್ಕೆ ಬೆಲೆಯೇ ಇಲ್ಲ. ನಾನು ಪಾಠ ಯೋಜನೆಗೆ ಸೂತ್ರವನ್ನು ನಕಲು ಮಾಡಿಕೊಂಡಾಗ ಷರತ್ತನ್ನು ಬಿಟ್ಟಿದ್ದೆ. ಟಿಪ್ಪಣಿಯನ್ನು ಓದಿರಲೇ ಇಲ್ಲ.

ಮರುದಿನದ ಪಾಠ

ಮರುದಿನ ತರಗತಿಗೆ ಹೋದವಳೇ ಹಿಂದಿನ ದಿನದ ಲೆಕ್ಕವನ್ನು ಸರಿ ಗುರುತಿನ ಸಮೇತ ಹಲಗೆಯ ಮೇಲೆ ಬರೆದು, "ನಿನ್ನೆ ನಾನು ಹಾಕಿದ ಈ ಗುರುತು ತಪ್ಪು. ಮಾಡ್ಯುಲಸ್ ತಗೊಳ್ಳಿ ಅಂದದ್ದೂ ತಪ್ಪು. ಎಲ್ಲಿ ತಪ್ಪಾಯಿತು ಅಂತ ಈಗ ಎಲ್ಲರೂ ಸೇರಿ ಹುಡುಕೋಣ" ಎಂದೆ. ಗದ್ದಲವಾಗಬಹುದು ಎಂಬ ಅಳುಕಿತ್ತು. ಆಗಲಿಲ್ಲ. ಪುಸ್ತಕ ತೆರೆಯಲು ಹೇಳುವ ಮೊದಲೇ ತೆರೆದರು.

ಮೊದಲು ಆಯತದ ಅಂದಾಜು ಮಾಡಿಸಿದೆ. ಆಮೇಲೆ F(−1), F(−0.1), F(0.1), F(1) ಇವುಗಳ ಬೆಲೆ ಬರೆಸಿ, ಮೂರು ತುಂಡುಗಳ ಏರಿಕೆಯನ್ನು ಅವರಿಂದಲೇ ತೆಗೆಸಿದೆ. −20 ಬಂದ ಕೂಡಲೇ ಹಿಂದಿನ ದಿನ ಪ್ರಶ್ನೆ ಕೇಳಿದ್ದ ವಿದ್ಯಾರ್ಥಿನಿ "ಇದೇ ಮೇಡಂ, ಇಲ್ಲೇ ಮೈನಸ್ ಬಂದಿರೋದು" ಎಂದಳು. ನಂತರ 0.1 ರ ಬದಲು 0.01 ಇಟ್ಟು ನೋಡಲು ಹೇಳಿದೆ: 99 − 200 + 99. ಮತ್ತೆ −2. ಎಷ್ಟು ಕಿರಿದು ಮಾಡಿದರೂ ಎರಡು ಬದಿಯ ನಿಜ ವಿಸ್ತೀರ್ಣ ಹೆಚ್ಚುತ್ತದೆ, ಮಧ್ಯದ ಸುಳ್ಳು ಹೆಜ್ಜೆ ಅದಕ್ಕಿಂತ ಎರಡು ಹೆಚ್ಚು ನುಂಗಿಹಾಕುತ್ತದೆ. ಇಷ್ಟಾದ ಮೇಲೆ ε ಬಳಸಿದ ಲೆಕ್ಕ ಅವರಿಗೆ ಹೊಸದಾಗಿ ಕಾಣಲಿಲ್ಲ. ಸಂಖ್ಯೆಗಳಲ್ಲಿ ಮಾಡಿದ್ದನ್ನೇ ಅಕ್ಷರದಲ್ಲಿ ಬರೆದಂತಾಯಿತು.

ಕೊನೆಯ ಹದಿನೈದು ನಿಮಿಷಕ್ಕೆ ಎರಡು ಲೆಕ್ಕ ಕೊಟ್ಟೆ. ಮೊದಲನೆಯದು 0 ಯಿಂದ π ವರೆಗೆ sec²x. ನಿಯಮ ಹಾಕಿದರೆ tan π − tan 0 = 0. ಇಲ್ಲಿ ಛೇದದಲ್ಲಿ x ಕಾಣುವುದಿಲ್ಲ, ಹಾಗಾಗಿ ಕೆಲವರು ಸೊನ್ನೆ ಎಂದು ಬರೆದು ಕೈಕಟ್ಟಿ ಕುಳಿತರು. sec²x ಎಂದೂ ಒಂದಕ್ಕಿಂತ ಕಡಿಮೆಯಾಗುವುದಿಲ್ಲ, ಅಗಲ π, ಹಾಗಾಗಿ ಮೊತ್ತ π ಗಿಂತ ಕಡಿಮೆ ಇರಲಾರದು ಎಂದು ಅಂದಾಜು ಮಾಡಿದವರು ತಪ್ಪನ್ನು ಹಿಡಿದರು. π/2 ರಲ್ಲಿ cos x ಸೊನ್ನೆ. ಕೆಟ್ಟ ಬಿಂದು ಅಲ್ಲಿ ಅಡಗಿತ್ತು.

ಎರಡನೆಯದು −1 ರಿಂದ 2 ರವರೆಗೆ 1/x³. ನಿಯಮದಿಂದ [−1/(2x²)] = −1/8 + 1/2 = 3/8. ಇದನ್ನು ನಾನು ಬೇಕೆಂದೇ ಆರಿಸಿದ್ದೆ. ಈ ಫಲನ ಎಡಗಡೆ ಋಣ, ಬಲಗಡೆ ಧನ. ಹಾಗಾಗಿ 3/8 ಎಂಬ ಉತ್ತರದ ಚಿಹ್ನೆಯಾಗಲಿ ಗಾತ್ರವಾಗಲಿ ಯಾವ ಅನುಮಾನವನ್ನೂ ಹುಟ್ಟಿಸುವುದಿಲ್ಲ. ನನ್ನ −2 ತಾನಾಗಿಯೇ ಸಿಕ್ಕಿಬಿದ್ದಿತ್ತು, ಇದು ಸಿಕ್ಕಿಬೀಳುವುದಿಲ್ಲ. ಇನ್ನೂ ಮೋಸ ಏನೆಂದರೆ, ಸೊನ್ನೆಯ ಎರಡೂ ಬದಿಯಲ್ಲಿ ಸಮನಾಗಿ ε ಕತ್ತರಿಸಿದರೆ ಎಡಭಾಗ 1/2 − 1/(2ε²), ಬಲಭಾಗ 1/(2ε²) − 1/8. ಕೂಡಿದರೆ ಅನಂತಕ್ಕೆ ಹೋಗುವ ಪದಗಳು ಹೊಡೆದುಹೋಗಿ ಮತ್ತೆ 3/8 ಬರುತ್ತದೆ. ಒಬ್ಬ ವಿದ್ಯಾರ್ಥಿ ಹೀಗೆಯೇ ಮಾಡಿ, "ಕತ್ತರಿಸಿದರೂ ಅದೇ ಬಂತು, ಹಾಗಾದರೆ ಸರಿ ತಾನೆ?" ಎಂದು ಕೇಳಿದ.

ಉತ್ತರವಾಗಿ ಎಡಗಡೆ ε, ಬಲಗಡೆ 2ε ಕತ್ತರಿಸಿ ನೋಡಲು ಹೇಳಿದೆ. ಆಗ ಬಲಭಾಗ 1/(8ε²) − 1/8 ಆಗುತ್ತದೆ, ಪದಗಳು ಹೊಡೆದುಹೋಗುವುದಿಲ್ಲ, ಮೊತ್ತ −∞ ಕಡೆಗೆ ಓಡುತ್ತದೆ. ಕತ್ತರಿಸುವ ರೀತಿಯನ್ನು ಅವಲಂಬಿಸಿ ಬದಲಾಗುವ ಉತ್ತರವನ್ನು ಅನುಕಲನದ ಬೆಲೆ ಎನ್ನಲಾಗದು. ಆದ್ದರಿಂದ ಎಡ ಮತ್ತು ಬಲ ಭಾಗಗಳ ಲಿಮಿಟ್ ಬೇರೆ ಬೇರೆಯಾಗಿ ತೆಗೆಯಬೇಕು. ಎರಡೂ ಸೀಮಿತವಾಗಿದ್ದರೆ ಮಾತ್ರ ಕೂಡಬೇಕು. ಒಂದು ಕಡೆ ಲಿಮಿಟ್ ಇಲ್ಲವೆಂದರೆ ಅಲ್ಲಿಗೇ ನಿಲ್ಲಿಸಬೇಕು.

ನಿಯಮದ ಇನ್ನೊಂದು ಅಂಚು

ಗಂಟೆ ಹೊಡೆದ ಮೇಲೆ ಅದೇ ವಿದ್ಯಾರ್ಥಿನಿ ಮೇಜಿನ ಬಳಿ ಬಂದು ಕೇಳಿದಳು: "ಹಾಗಾದರೆ ಫಂಕ್ಷನ್ ಅನಂತಕ್ಕೆ ಹೋದರೆ ಯಾವಾಗಲೂ ಉತ್ತರ ಇರಲ್ವಾ ಮೇಡಂ?" ಈ ಸಲ ನಾನು ತಕ್ಷಣ ಉತ್ತರ ಕೊಡಲಿಲ್ಲ. ನಾಳೆ ಹೇಳುತ್ತೇನೆ ಎಂದೆ.

ಉತ್ತರ ಇಲ್ಲ ಎಂದೇನೂ ಅಲ್ಲ. x^(−2/3) ಅನ್ನು −1 ರಿಂದ 1 ರವರೆಗೆ ತೆಗೆದುಕೊಳ್ಳಿ. x ನ ಘನಮೂಲದ ವರ್ಗ ಛೇದದಲ್ಲಿದೆ, ಹಾಗಾಗಿ ಇದೂ ಎಲ್ಲೆಡೆ ಧನ, ಸೊನ್ನೆಯ ಬಳಿ ಇದೂ ಅನಂತಕ್ಕೆ ಹೋಗುತ್ತದೆ. ಆಂಟಿ-ಡೆರಿವೇಟಿವ್ 3x^(1/3). ನಿಯಮದ ಉತ್ತರ 3 − (−3) = 6. ಈಗ ಕತ್ತರಿಸಿ ಪರೀಕ್ಷಿಸಿದರೆ ಬಲಭಾಗ 3 − 3ε^(1/3). ε = 0.001 ಆದಾಗ ಇದು 2.7, ε = 0.000001 ಆದಾಗ 2.97, ಕೊನೆಗೆ 3 ರ ಬಳಿ ನಿಲ್ಲುತ್ತದೆ. ಎಡಭಾಗವೂ 3. ಒಟ್ಟು 6. ಇಲ್ಲಿ ಉತ್ತರ ಇದೆ, ನಿಯಮ ಕೊಟ್ಟದ್ದೂ ಅದೇ.

ವ್ಯತ್ಯಾಸ F ನಲ್ಲಿದೆ. 3x^(1/3) ಸೊನ್ನೆಯಲ್ಲಿ ಕಡಿಯುವುದಿಲ್ಲ. ನೇರ ನಿಂತಂತೆ ಕಂಡರೂ ಒಂದೇ ಗೆರೆಯಾಗಿ ದಾಟಿಹೋಗುತ್ತದೆ. −1/x ಸೊನ್ನೆಯಲ್ಲಿ ಮೇಲಿನಿಂದ ಕೆಳಕ್ಕೆ ಹಾರುತ್ತದೆ. f ಎಲ್ಲಿ ಕೆಟ್ಟಿದೆ ಎಂದು ಮೊದಲು ಹುಡುಕಬೇಕು, ಅಲ್ಲಿ F ಏನು ಮಾಡುತ್ತದೆ ಎಂದು ಆಮೇಲೆ ನೋಡಬೇಕು. ಮೂರನೆಯ ದಿನ ಎರಡು ಗ್ರಾಫುಗಳನ್ನು ಅಕ್ಕಪಕ್ಕ ಬರೆದು ಇದನ್ನೇ ತೋರಿಸಿದೆ. ಪಿಯುಸಿ ಪಠ್ಯಕ್ರಮದಲ್ಲಿ ಇಂಥ ಅನುಕಲನಗಳಿಗೆ ಬೆಲೆ ಕಟ್ಟುವ ಭಾಗ ಇಲ್ಲ. ಹಾಗಾಗಿ ಮಕ್ಕಳಿಂದ ನಿರೀಕ್ಷಿಸಬೇಕಾದದ್ದು, ಕೆಟ್ಟ ಬಿಂದುವನ್ನು ಗುರುತಿಸಿ "ಇಲ್ಲಿ ನಿಯಮವನ್ನು ನೇರವಾಗಿ ಹಾಕುವಂತಿಲ್ಲ" ಎಂದು ಬರೆಯುವುದು. ಅದಕ್ಕಿಂತ ಮುಂದಿನದು ಕೇಳಿದವರಿಗೆ.

ಪಾಠ ಯೋಜನೆಯಲ್ಲಿ ಮಾಡಿಕೊಂಡ ಬದಲಾವಣೆ

ಈ ಘಟಕದ ಪಾಠ ಯೋಜನೆಯನ್ನು ತಿದ್ದಿ ಬರೆದಾಗ ಮೂರು ಬದಲಾವಣೆ ಮಾಡಿದೆ. ಮೊದಲನೆಯದು, ನಿಶ್ಚಿತ ಅನುಕಲನದ ಪ್ರತಿ ಲೆಕ್ಕದಲ್ಲೂ F ಬರೆಯುವ ಮೊದಲು ಒಂದು ಸಾಲು: "ಮಿತಿಗಳ ನಡುವೆ f ಎಲ್ಲಾದರೂ ಕಡಿಯುತ್ತದೆಯೇ?" ಛೇದ ಸೊನ್ನೆಯಾಗುವ ಜಾಗ, tan ಮತ್ತು sec ಗಳಿಗೆ π/2, log ಗೆ ಸೊನ್ನೆ, ಇವನ್ನು ನೋಡಿದರೆ ಈ ಹಂತದಲ್ಲಿ ಬಹುಪಾಲು ಸಾಕು. ಎರಡನೆಯದು, ಉತ್ತರ ಬಂದ ಮೇಲೆ ಗ್ರಾಫಿನ ಒರಟು ಚಿತ್ರದ ಜೊತೆ ಅದರ ಚಿಹ್ನೆ ಮತ್ತು ಗಾತ್ರವನ್ನು ಹೋಲಿಸುವುದು. 1/x³ ನ ಲೆಕ್ಕ ತೋರಿಸಿದಂತೆ ಈ ಹೋಲಿಕೆ ಎಲ್ಲ ತಪ್ಪನ್ನೂ ಹಿಡಿಯದು, ಆದ್ದರಿಂದ ಇದು ಮೊದಲ ಸಾಲಿಗೆ ಬದಲಿ ಅಲ್ಲ. ಮೂರನೆಯದು, −1 ರಿಂದ 1 ರವರೆಗಿನ 1/x² ಈಗ ಯೋಜನೆಯ ಒಳಗೇ ಇದೆ. ∫₁² (1/x²) dx = 1/2 ಆದ ಕೂಡಲೇ ಮಿತಿಗಳನ್ನು ಬದಲಿಸಿ, −2 ಬರುವವರೆಗೆ ಮಕ್ಕಳಿಗೇ ಬಿಟ್ಟು, ಗ್ರಾಫ್ ಬರೆಯಲು ಹೇಳುವುದು.

ಸಹ ಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು. ಈ ಲೆಕ್ಕವನ್ನು ಪಾಠದಲ್ಲಿ ತೆಗೆದುಕೊಂಡರೆ ಕನಿಷ್ಠ ಅರ್ಧ ಗಂಟೆ ಇಟ್ಟುಕೊಳ್ಳಿ. ಕೊನೆಯ ಎಂಟು ನಿಮಿಷಕ್ಕೆ ಇದು ತಕ್ಕುದಲ್ಲ. ನಾನು ಮಾಡ್ಯುಲಸ್ ಎಂದು ಹೇಳಿದ್ದು ಆ ಎಂಟು ನಿಮಿಷದಲ್ಲಿ.